ರಿಪೇರಿಗೆ ಹೊಸದರ ಅರ್ಧ ಬೆಲೆ: ಓನರ್ ಹತ್ತಿರ ಬೇರೆ ಮಷೀನ್ ಕೇಳಬಹುದಾ?

"ಸರ್, ನಾವಿರುವ ಬಾಡಿಗೆ ಮನೆಗೆ ಓನರ್ ಅವರೇ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಕೊಟ್ಟಿದ್ದಾರೆ. ಅದಕ್ಕೆ 8 ವರ್ಷ ಆಗಿದೆ, ನಾವು ಬಂದು 14 ತಿಂಗಳು. ಈಗ ಸ್ಪಿನ್ ಆಗುವಾಗ ವಿಮಾನ ಹಾರಿದ ಹಾಗೆ ಸದ್ದು. ಬೇರಿಂಗ್ ಹೋಗಿದೆ, ಟಬ್ ಸೆಟ್ಟೇ ಬದಲಾಯಿಸಬೇಕು, ಹೊಸ ಮಷೀನಿನ ಹೆಚ್ಚುಕಡಿಮೆ ಅರ್ಧ ಬೆಲೆ ಆಗುತ್ತದೆ ಅಂತ ಮೆಕ್ಯಾನಿಕ್ ಹೇಳಿದರು. ಓನರ್ 'ರಿಪೇರಿ ಮಾಡಿಸಿ, ಅರ್ಧ ನೀವು ಕೊಡಿ' ಅನ್ನುತ್ತಿದ್ದಾರೆ. ಹಳೇ ಮಷೀನಿಗೆ ಅಷ್ಟು ದುಡ್ಡು ಸುರಿಯೋ ಬದಲು ಹೊಸದು ಕೊಡಿಸಿ ಅಂತ ಕೇಳಬಹುದಾ? ಫ್ರಿಜ್ ಕೂಡ ಅವರದ್ದೇ, ನಾಳೆ ಅದು ಕೆಟ್ಟರೂ ಇದೇ ಕಥೆಯಾ?"

ಕೇಳಬಹುದು. ಆದರೆ "ಹೊಸದು ಕೊಡಿಸಿ" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ನಾನು ಸುಮಾರು ವರ್ಷ ಮಷೀನ್ ಬಿಚ್ಚಿ ಜೋಡಿಸುವ ಕೆಲಸ ಮಾಡಿದವನು. ಈಗ ಬಾಡಿಗೆ ಮನೆಗಳ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಹಾಗಾಗಿ ಎರಡೂ ಕಡೆಯವರ ಜಗಳ ಕೇಳಿ ಕೇಳಿ ಅಭ್ಯಾಸವಾಗಿದೆ. ಬಾಡಿಗೆಯ ಜೊತೆ ಮಷೀನ್ ಕೊಟ್ಟಿದ್ದಾರೆ ಎಂದರೆ ನಿಮಗೆ ಸಿಗಬೇಕಾದದ್ದು ಬಟ್ಟೆ ಒಗೆಯುವ ಒಂದು ಮಷೀನ್. ಅದು ರಿಪೇರಿಯಾದದ್ದೋ, ಹೊಸದೋ, ಒಳ್ಳೇ ಸೆಕೆಂಡ್ ಹ್ಯಾಂಡೋ ಎಂಬುದನ್ನು ಆರಿಸುವುದು ವಸ್ತುವಿನ ಒಡೆಯರು. ನೀವು ಮಾಡಬೇಕಾದ ಕೆಲಸ ಒಂದೇ, ರಿಪೇರಿ ಮಾಡಿಸಿದರೆ ಅವರಿಗೇ ನಷ್ಟ ಎಂದು ಲೆಕ್ಕ ಹಾಕಿ ತೋರಿಸುವುದು. ನಿಮ್ಮ ವಿಷಯದಲ್ಲಿ ಆ ಲೆಕ್ಕ ಚೆನ್ನಾಗಿಯೇ ನಿಲ್ಲುತ್ತದೆ.

ಅದಕ್ಕೂ ಮೊದಲು ಬಾಡಿಗೆ ಅಗ್ರಿಮೆಂಟ್ ತೆಗೆದು ಮೂರು ಕಡೆ ಓದಿ. ಮನೆಯಲ್ಲಿರುವ ಸಾಮಾನಿನ ಪಟ್ಟಿಯಲ್ಲಿ ವಾಷಿಂಗ್ ಮಷೀನ್ ಇದೆಯಾ, ರಿಪೇರಿ ಯಾರ ಜವಾಬ್ದಾರಿ ಎಂದು ಬರೆದಿದೆ, "ಇದ್ದ ಸ್ಥಿತಿಯಲ್ಲಿ ಬಿಟ್ಟುಹೋಗಿದ್ದೇವೆ, ಕೆಟ್ಟರೆ ನಮ್ಮ ಹೊಣೆ ಇಲ್ಲ" ಎಂಬ ಥರದ ಸಾಲು ಏನಾದರೂ ಇದೆಯಾ. ಪಟ್ಟಿಯಲ್ಲಿ ಇದ್ದು, ಹೊಣೆ ಇಲ್ಲ ಎನ್ನುವ ಸಾಲು ಇಲ್ಲದಿದ್ದರೆ ನೀವು ಗಟ್ಟಿ ನೆಲದ ಮೇಲಿದ್ದೀರಿ. "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು" ಎಂದು ಬರೆದಿರುವುದು ತುಂಬಾ ಸಾಮಾನ್ಯ. ಓನರ್ ಅರ್ಧ ಕೇಳುತ್ತಿರುವುದು ಬಹುಶಃ ಆ ಸಾಲನ್ನು ನೆನಪಿಟ್ಟುಕೊಂಡೇ. ಆದರೆ ಸಣ್ಣಪುಟ್ಟ ಎಂದರೆ ನೀರಿನ ಪೈಪಿನ ವಾಷರ್, ಕಟ್ಟಿಕೊಂಡ ಫಿಲ್ಟರ್, ಇಂಥವು. ಹೊಸ ಮಷೀನಿನ ಅರ್ಧ ಬೆಲೆಯ ಕೆಲಸವನ್ನು ಸಣ್ಣಪುಟ್ಟದ್ದು ಎಂದು ಯಾರೂ ಒಪ್ಪುವುದಿಲ್ಲ, ಅಲ್ವಾ? ಹೊಣೆ ಇಲ್ಲ ಎಂಬ ಸಾಲು ಇದ್ದರೆ ದಾರಿ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ. ಇನ್ನು ಕಾನೂನು. ಕೊಟ್ಟ ಸಾಮಾನನ್ನು ಓನರ್ ನಡೆಯುವ ಸ್ಥಿತಿಯಲ್ಲಿ ಇಡಲೇಬೇಕು ಎನ್ನುವ ಊರುಗಳಿವೆ, ಎಲ್ಲವನ್ನೂ ಅಗ್ರಿಮೆಂಟಿಗೇ ಬಿಟ್ಟ ಊರುಗಳೂ ಇವೆ. ನಿಮ್ಮಲ್ಲಿ ಏನಿದೆ ಎಂದು ಒಮ್ಮೆ ವಿಚಾರಿಸಿಕೊಳ್ಳಿ.

ಈಗ ಮಷೀನಿನ ಹತ್ತಿರ ಬನ್ನಿ. ದುಡ್ಡಿನ ಮಾತಿಗಿಂತ ಮೊದಲು, ನಿಜಕ್ಕೂ ಬೇರಿಂಗೇ ಹೋಗಿದೆಯಾ ಎಂದು ನೀವೇ ನೋಡಿಕೊಳ್ಳಿ. ಪ್ಲಗ್ ಕಿತ್ತು ಬಾಗಿಲು ತೆಗೆಯಿರಿ. ಒಳಗಿನ ಸ್ಟೀಲ್ ಡ್ರಮ್ಮಿನ ಮೇಲಿನ ಅಂಚನ್ನು ಒಳಗಿನಿಂದ ಹಿಡಿದು ಮೇಲಕ್ಕೆ ಎತ್ತಿ, ಕೆಳಕ್ಕೆ ಒತ್ತಿ. ಒಳಗಿನ ಡ್ರಮ್ ಮತ್ತು ಅದರ ಹೊರಗಿರುವ ಪ್ಲಾಸ್ಟಿಕ್ ಟಬ್ ಎರಡೂ ಒಟ್ಟಿಗೆ ಸ್ಪ್ರಿಂಗ್ ಮೇಲೆ ಆಡಿದರೆ ಅದು ಸಹಜ. ಟಬ್ ಸುಮ್ನೆ ಇದ್ದು ಡ್ರಮ್ ಮಾತ್ರ ಲಟಲಟ ಎಂದು ಅಲ್ಲಾಡಿದರೆ ಬೇರಿಂಗ್ ಸವೆದಿದೆ. ಆಮೇಲೆ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮರಳು ಅರೆದ ಹಾಗೆ ಗರಗರ ಎಂದರೆ ಅದೂ ಬೇರಿಂಗಿನದೇ ಸದ್ದು. ಟಬ್ಬಿನ ಹಿಂಬದಿಯಲ್ಲಿ, ನಡುವಿನಿಂದ ಕೆಳಕ್ಕೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿದ್ದರೆ ಇನ್ನು ಅನುಮಾನವೇ ಬೇಡ. ಆದರೆ ಅದನ್ನು ನೋಡಲು ಹಿಂದಿನ ತಗಡು ಬಿಚ್ಚಬೇಕು, ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಇಷ್ಟು ಯಾಕೆ ಹೇಳುತ್ತಿದ್ದೇನೆ ಎಂದರೆ ಸದ್ದು ಬಂದ ತಕ್ಷಣ ಬೇರಿಂಗ್ ಎಂದು ಹೇಳಿಬಿಡುವವರು ಜಾಸ್ತಿ. ಟಣ್ ಟಣ್ ಎಂದು ಲೋಹ ತಾಗುವ ಸದ್ದಾದರೆ ನಾಣ್ಯವೋ, ಒಳಉಡುಪಿನ ತಂತಿಯೋ ಡ್ರಮ್ಮಿಗೂ ಟಬ್ಬಿಗೂ ನಡುವೆ ಸಿಕ್ಕಿರುತ್ತದೆ. ಮಷೀನೇ ಕುಣಿದು ಜಾಗ ಬದಲಿಸುತ್ತಿದ್ದರೆ ಕಾಲುಗಳು ಸಮ ಇಲ್ಲ, ಅಥವಾ ಕೆಳಗಿನ ಶಾಕ್ ಅಬ್ಸಾರ್ಬರ್ ಸೋತಿದೆ. ನೀರು ಹೊರಹೋಗುವಾಗ ಮಾತ್ರ ಗರಗುಟ್ಟಿದರೆ ಪಂಪ್. ಇವೆಲ್ಲ ಕಡಿಮೆ ಖರ್ಚಿನ ಕೆಲಸ. ನೀವು "ಮಷೀನ್ ಬದಲಾಯಿಸಿ" ಎಂದು ಹಟ ಹಿಡಿದು, ಕೊನೆಗೆ ಓನರ್ ಕಳಿಸಿದ ಇನ್ನೊಬ್ಬ ಮೆಕ್ಯಾನಿಕ್ ಪಂಪಿನಿಂದ ನಿಮ್ಮದೇ ಜೇಬಿನ ನಾಣ್ಯ ತೆಗೆದರೆ, ಆಮೇಲೆ ಫ್ರಿಜ್ ಬಗ್ಗೆ ಮಾತಾಡಲು ಮುಖವೇ ಇರುವುದಿಲ್ಲ.

ಬೇರಿಂಗ್ ಯಾಕೆ ಹೋಗುತ್ತದೆ ಎಂಬುದೂ ನಿಮಗೆ ಬೇಕಾದ ವಿಷಯ, ಏಕೆಂದರೆ "ನೀವು ಸರಿಯಾಗಿ ಬಳಸಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಡ್ರಮ್ಮಿನ ಹಿಂದೆ ಒಂದು ಶಾಫ್ಟ್ ಇರುತ್ತದೆ, ಅದು ಸಾಮಾನ್ಯವಾಗಿ ಎರಡು ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ನೀರು ಆ ಬೇರಿಂಗಿಗೆ ಹೋಗದ ಹಾಗೆ ತಡೆಯುವುದು ಒಂದು ರಬ್ಬರ್ ಸೀಲ್. ವರ್ಷಗಳು ಕಳೆದ ಹಾಗೆ ಸೀಲ್ ಸವೆಯುತ್ತದೆ, ಸೋಪಿನ ನೀರು ನಿಧಾನವಾಗಿ ಒಳಗೆ ಇಳಿಯುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ವರ್ಷಗಟ್ಟಲೆ ನಡೆಯುವ ಕೆಲಸ ಇದು. ಯಾವಾಗಲೂ ತುಂಬಿ ತುಳುಕುವಷ್ಟು ಬಟ್ಟೆ ಹಾಕಿದರೆ ಬೇಗ ಆಗುತ್ತದೆ, ನಿಜ. ಆದರೆ 8 ವರ್ಷದ ಮಷೀನಿನಲ್ಲಿ ನೀವು ಬಳಸಿದ್ದು 14 ತಿಂಗಳು, ಅಂದರೆ ಅದರ ಆಯುಷ್ಯದ ಏಳನೇ ಒಂದು ಭಾಗ. ಸೀಲ್ ಸವೆದ ಹೊಣೆಯನ್ನು ನಿಮ್ಮ ತಲೆಗೆ ಕಟ್ಟುವುದು ಕಷ್ಟ. ವಸ್ತು ಬಳಸಿದರೆ ಸವೆಯುತ್ತದೆ, ಆ ಸವಕಳಿ ಒಡೆಯರದ್ದು. ಬಾಡಿಗೆ ತೆಗೆದುಕೊಳ್ಳುವುದೇ ಬಳಸಲು ಕೊಟ್ಟದ್ದಕ್ಕೆ ಅಲ್ವಾ.

ಒಂದು ಕಡೆ ಮಾತ್ರ ಹುಷಾರು. ಸದ್ದು ಶುರುವಾದ ಮೇಲೂ ಹೇಳದೆ ತಿಂಗಳುಗಟ್ಟಲೆ ಓಡಿಸಿದ್ದರೆ ನಿಮ್ಮ ವಾದ ಸೊರಗುತ್ತದೆ. ಬೇರಿಂಗ್ ಸಡಿಲವಾದ ಮೇಲೆ ಶಾಫ್ಟ್ ಸವೆಯುತ್ತದೆ, ಡ್ರಮ್ಮನ್ನು ಹಿಡಿದಿರುವ ಮೂರು ಕೈಗಳ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಭಾರ ಬೀಳುತ್ತದೆ, ಕೊನೆಗೆ ಡ್ರಮ್ ಟಬ್ಬಿಗೇ ಉಜ್ಜಿ ನೀರು ಸೋರುತ್ತದೆ. ಮೊದಲೇ ಹೇಳಿದ್ದರೆ ಬೇರಿಂಗ್ ಮತ್ತು ಸೀಲ್ ಮಾತ್ರ ಬದಲಾಗುತ್ತಿತ್ತು ಎಂದು ಓನರ್ ಹೇಳಬಹುದು. ಕೆಲವು ಮಷೀನುಗಳಲ್ಲಿ ಅದು ನಿಜವೂ ಹೌದು. ಆದ್ದರಿಂದ ಮೊದಲ ಸಲ ಯಾವಾಗ ಹೇಳಿದಿರಿ ಎಂಬ ಮೆಸೇಜ್ ಹುಡುಕಿ ಇಟ್ಟುಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದರೆ "ಇಂಥ ದಿನ ಫೋನಿನಲ್ಲಿ ಹೇಳಿದ್ದೆ" ಎಂದು ಈಗಲಾದರೂ ಬರೆದು ಕಳಿಸಿ. ಇವತ್ತಿನಿಂದ ಮಷೀನ್ ಓಡಿಸಬೇಡಿ.

"ಟಬ್ ಸೆಟ್ಟೇ ಬದಲಾಯಿಸಬೇಕು" ಅಂದರಲ್ಲ, ಇಡೀ ವಿಷಯ ನಿಂತಿರುವುದು ಅಲ್ಲೇ. ಪ್ಲಾಸ್ಟಿಕ್ ಟಬ್ ಎರಡು ಅರ್ಧಗಳನ್ನು ಸೇರಿಸಿ ಮಾಡಿದ್ದು. ಕೆಲವು ಮಾಡೆಲ್‌ಗಳಲ್ಲಿ ಅವೆರಡನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಅದನ್ನು ಬಿಚ್ಚಿ ಬೇರಿಂಗ್ ಮತ್ತು ಸೀಲ್ ಹಾಕಬಹುದು. ಬಿಡಿಭಾಗ ಅಗ್ಗ, ಕೂಲಿ ಮಾತ್ರ ಜಾಸ್ತಿ, ಏಕೆಂದರೆ ಇಡೀ ಮಷೀನ್ ಬಿಚ್ಚಿ ಹರಡಬೇಕು. ಇನ್ನು ಕೆಲವು ಮಾಡೆಲ್‌ಗಳಲ್ಲಿ ಎರಡು ಅರ್ಧಗಳನ್ನು ಬಿಸಿ ಮಾಡಿ ಕರಗಿಸಿ ಅಂಟಿಸಿಬಿಟ್ಟಿರುತ್ತಾರೆ. ಅದು ಬಿಚ್ಚುವುದಿಲ್ಲ. ಅಂಗೈಯಷ್ಟು ಬೇರಿಂಗ್ ಹೋದರೆ ಟಬ್, ಡ್ರಮ್, ಶಾಫ್ಟ್ ಎಲ್ಲ ಸೇರಿದ ಸೆಟ್ ತರಬೇಕು. ನಿಮ್ಮ ಬಿಲ್ ದೊಡ್ಡದಾಗಿರುವುದು ಇದೇ ಕಾರಣಕ್ಕೆ ಇರಬೇಕು. ನಿಮ್ಮ ಮಷೀನ್ ಯಾವ ಜಾತಿಯದು ಎಂದು ಮೆಕ್ಯಾನಿಕ್ ಹತ್ತಿರ ಕೇಳಿ ಬರೆಸಿಕೊಳ್ಳಿ. ಸ್ಕ್ರೂ ಇರುವ ಟಬ್ ಎಂದಾದರೆ ಇನ್ನೊಬ್ಬರ ಹತ್ತಿರ ಎಸ್ಟಿಮೇಟ್ ಕೇಳಲೇಬೇಕು, ಆಗ ರಿಪೇರಿಯೇ ಸರಿ ಎಂದಾಗಬಹುದು, ನಾನೂ ಓನರ್ ಪರವಾಗಿಯೇ ಹೇಳುತ್ತೇನೆ.

ಅಂಟಿಸಿದ ಟಬ್ಬನ್ನು ಗರಗಸದಲ್ಲಿ ಕೊಯ್ದು, ಬೇರಿಂಗ್ ಹಾಕಿ, ಮತ್ತೆ ಸ್ಕ್ರೂ ಮತ್ತು ಸಿಲಿಕಾನ್ ಅಂಟು ಹಾಕಿ ಮುಚ್ಚಿಕೊಡುವವರೂ ಇದ್ದಾರೆ. ನಾನೂ ಮಾಡಿದ್ದೇನೆ. ಕೆಲವು ವರ್ಷಗಟ್ಟಲೆ ನಡೆದಿವೆ. ಒಂದು ಮಾತ್ರ ಮೂರನೇ ವಾರಕ್ಕೇ ಸೋರಿ, ಆ ಮನೆಯವರು ಬೆಳಿಗ್ಗೆ ಎದ್ದಾಗ ಅಡುಗೆಮನೆ ತುಂಬಾ ನೀರು. ಓನರ್ ಕಡಿಮೆ ಖರ್ಚು ಎಂದು ಈ ದಾರಿ ಹಿಡಿದರೆ ಬೇಡ ಎನ್ನುವ ಅಧಿಕಾರ ನಿಮಗೆ ಬಹುಶಃ ಇಲ್ಲ. ಆದರೆ ಸೋರಿದರೆ ನೆಲಕ್ಕೂ ಕೆಳಮನೆಗೂ ಆಗುವ ಹಾನಿ ನಿಮ್ಮದಲ್ಲ ಎಂದು ಮೊದಲೇ ಬರೆದು ಒಪ್ಪಿಸಿಕೊಳ್ಳಿ.

ಈಗ ಲೆಕ್ಕ. ಅದೇ ಅಳತೆಯ ಹೊಸ ಮಷೀನಿನ ಬೆಲೆ 100 ಎಂದು ಇಟ್ಟುಕೊಳ್ಳೋಣ. ನಿಮ್ಮ ಎಸ್ಟಿಮೇಟ್ ಸುಮಾರು 48 ಅನ್ನೋಣ. ಓನರ್ 48ನ್ನು 100ರ ಪಕ್ಕ ಇಟ್ಟು "ಅರ್ಧ ಉಳಿಯಿತಲ್ಲ, ರಿಪೇರಿನೇ ಲಾಭ" ಅನ್ನುತ್ತಾರೆ. ನೀವು 48ನ್ನು ಹಳೇ ಮಷೀನ್ ಮಾರಿದರೆ ಬರುವ ದುಡ್ಡಿನ ಪಕ್ಕ ಇಟ್ಟು "ಹುಚ್ಚಾ?" ಅನ್ನುತ್ತೀರಿ. ಇಬ್ಬರ ಹೋಲಿಕೆಯೂ ತಪ್ಪು. ಹೊಸದು ಕೊಡುವಷ್ಟು ವರ್ಷ ರಿಪೇರಿಯಾದ ಹಳೇದು ಕೊಡುವುದಿಲ್ಲ, ಅದು ಓನರ್ ಮರೆತದ್ದು. ಯಾರೂ ಕೊಳ್ಳದ ಮಷೀನ್ ಕೂಡ ಮನೆಯಲ್ಲಿ ಇನ್ನೂ ಕೆಲವು ವರ್ಷ ಬಟ್ಟೆ ಒಗೆಯಬಹುದು, ಅದು ನೀವು ಮರೆತದ್ದು. ನೋಡಬೇಕಾದದ್ದು, ಕೊಟ್ಟ ದುಡ್ಡಿಗೆ ಎಷ್ಟು ವರ್ಷದ ಬಳಕೆ ಸಿಗುತ್ತದೆ ಎಂದು.

ಮನೆಬಳಕೆಯ ವಾಷಿಂಗ್ ಮಷೀನಿಗೆ ಸುಮಾರು 10 ವರ್ಷ ಎಂದು ಲೆಕ್ಕ ಹಿಡಿಯುವುದು ರೂಢಿ. ಕೆಲವು ಜಾಸ್ತಿ ಬಾಳುತ್ತವೆ, ಕೆಲವು ಬೇಗ ಮಲಗುತ್ತವೆ. 100 ಕೊಟ್ಟು 10 ವರ್ಷ ಎಂದರೆ ವರ್ಷಕ್ಕೆ 10. ನಿಮ್ಮ 8 ವರ್ಷದ ಮಷೀನಿನಲ್ಲಿ ಹೊಸ ಟಬ್ ಸೆಟ್ ಕೂತರೂ ಮೋಟಾರ್, ಎಲೆಕ್ಟ್ರಾನಿಕ್ ಬೋರ್ಡ್, ಪಂಪ್, ಬಾಗಿಲಿನ ರಬ್ಬರ್ ಎಲ್ಲಕ್ಕೂ 8 ವರ್ಷವೇ. ಇನ್ನೆರಡು ವರ್ಷ ಬರುತ್ತದೆ ಎಂದುಕೊಂಡರೆ ವರ್ಷಕ್ಕೆ 24 ಬಿತ್ತು. ಧಾರಾಳವಾಗಿ ಮೂರು ವರ್ಷ ಹಿಡಿದರೂ ವರ್ಷಕ್ಕೆ 16. ಹೊಸದಕ್ಕೆ 10, ರಿಪೇರಿಗೆ 16ರಿಂದ 24. ಇಲ್ಲಿ ಓನರ್ ಕಿವಿ ನೆಟ್ಟಗಾಗುತ್ತದೆ.

"ಆದರೂ ಈಗ ಕೈಯಿಂದ ಹೋಗುವುದು 48 ಮಾತ್ರ ಅಲ್ವಾ" ಎಂದು ಅವರು ಹೇಳಬಹುದು, ನ್ಯಾಯವಾದ ಮಾತೇ. ಹಾಗಾದರೆ ಮುಂದಿನ 10 ವರ್ಷ ಒಟ್ಟು ನೋಡಿ. ಈಗ 48 ಹಾಕಿ ರಿಪೇರಿ, ಎರಡು ವರ್ಷಕ್ಕೆ ಅದು ಹೋಯಿತು, ಆಗ 100 ಕೊಟ್ಟು ಹೊಸದು. ಒಟ್ಟು 148. ಹತ್ತನೇ ವರ್ಷಕ್ಕೆ ಆ ಹೊಸದು 8 ವರ್ಷ ಹಳೇದಾಗಿ ಇನ್ನೆರಡು ವರ್ಷದ ಬಳಕೆ, ಅಂದರೆ 20, ಉಳಿದಿರುತ್ತದೆ. ಕಳೆದರೆ 128. ಈಗಲೇ ಹೊಸದು ತಂದಿದ್ದರೆ 100. ಮೂರು ವರ್ಷ ಬಂದರೂ 118, ಆಗಲೂ ಜಾಸ್ತಿಯೇ. ಬೆಲೆ ಏರುಪೇರು ನಾನು ಹಿಡಿದಿಲ್ಲ. ಆದರೆ ದಿಕ್ಕು ಇದೇ.

ಈ ಲೆಕ್ಕದಿಂದ ಒಂದು ಸುಲಭ ಅಳತೆಯೂ ಸಿಗುತ್ತದೆ. ರಿಪೇರಿಯಾದ ಮೇಲೆ ಎಷ್ಟು ವರ್ಷ ನಡೆಯುತ್ತದೆ ಎಂದು ನಂಬಬಹುದೋ, ವರ್ಷಕ್ಕೆ 10ರಂತೆ ಅಷ್ಟರವರೆಗೆ ಖರ್ಚು ಮಾಡಬಹುದು. ನಿಮ್ಮದಕ್ಕೆ 20, ಹೆಚ್ಚೆಂದರೆ 30. ಪಂಪ್ ಬದಲಿಸಲು 12 ಆಗುತ್ತದೆ ಎಂದಿದ್ದರೆ ಕಣ್ಣು ಮುಚ್ಚಿ ಮಾಡಿಸಿ ಅನ್ನುತ್ತಿದ್ದೆ. ಇದೇ ಬೇರಿಂಗ್ ಕೆಲಸ 3 ವರ್ಷದ ಮಷೀನಿಗೆ ಬಂದಿದ್ದರೆ ಏಳು ವರ್ಷ ಬಾಕಿ, 48 ಕೊಟ್ಟು ಮಾಡಿಸುವುದೇ ಲಾಭ. ನೀವು ಆಗ ಹೊಸದು ಕೇಳುವುದು ನ್ಯಾಯವಲ್ಲ. ವಯಸ್ಸು ಹೇಗೆ ಗೊತ್ತು ಎಂದರೆ ಬಾಗಿಲಿನ ಅಂಚಿನಲ್ಲಿ ಅಥವಾ ಹಿಂದೆ ಅಂಟಿಸಿದ ಚೀಟಿ ನೋಡಿ. ಮಾಡೆಲ್, ಸೀರಿಯಲ್ ನಂಬರ್ ಇರುತ್ತದೆ, ಎಷ್ಟೋ ಸಲ ತಯಾರಾದ ತಿಂಗಳು ಮತ್ತು ವರ್ಷವೂ ಇರುತ್ತದೆ. ಫೋಟೋ ತೆಗೆದುಕೊಳ್ಳಿ. "ಮೊನ್ನೆ ಮೊನ್ನೆ ತಂದದ್ದು" ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.

ಎಸ್ಟಿಮೇಟ್ ಬರವಣಿಗೆಯಲ್ಲೇ ಇರಲಿ. ಮಾಡೆಲ್ ಮತ್ತು ಸೀರಿಯಲ್ ನಂಬರ್, ಏನು ಕೆಟ್ಟಿದೆ, ಯಾವ ಭಾಗ ಬೇಕು, ಭಾಗಕ್ಕೆ ಎಷ್ಟು, ಕೂಲಿ ಎಷ್ಟು, ರಿಪೇರಿಗೆ ಎಷ್ಟು ತಿಂಗಳ ಗ್ಯಾರಂಟಿ, ತಾರೀಕು. ಈ ಗ್ಯಾರಂಟಿಯ ಸಾಲನ್ನು ಜನ ನೋಡುವುದೇ ಇಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಮೂರು ತಿಂಗಳಷ್ಟೇ ಗ್ಯಾರಂಟಿ ಎಂದು ಬರೆದಿದ್ದರೆ, ಅದೇ ಬೆಲೆಯ ಎರಡರಷ್ಟಕ್ಕೆ ಬರುವ ಹೊಸ ಮಷೀನಿನ ಜೊತೆ ಸಿಗುವ ವಾರಂಟಿಯನ್ನು ಪಕ್ಕದಲ್ಲಿಟ್ಟರೆ ಸಾಕು, ನೀವು ಮತ್ತೇನೂ ಹೇಳಬೇಕಿಲ್ಲ. ಸಾಧ್ಯವಾದರೆ ಎರಡನೇ ಎಸ್ಟಿಮೇಟನ್ನು ಓನರ್ ನಂಬುವ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ. ನೀವು ಕರೆಸಿದವನ ಮೇಲೆ ಅವರಿಗೆ ಅನುಮಾನ ಇದ್ದೇ ಇರುತ್ತದೆ.

ಆಮೇಲೆ ಓನರ್‌ಗೆ ಬರೆಯಿರಿ. ಸಿಟ್ಟು ಬೇಡ, ಗೋಳೂ ಬೇಡ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಸರ್. ವಾಷಿಂಗ್ ಮಷೀನಿನ ಸದ್ದಿನ ಬಗ್ಗೆ ಇಂಥ ತಾರೀಕಿಗೆ ನಿಮಗೆ ಹೇಳಿದ್ದೆ. ಮೆಕ್ಯಾನಿಕ್ ನೋಡಿದ್ದಾರೆ, ಸೀಲ್ ಸವೆದು ಬೇರಿಂಗ್ ಹೋಗಿದೆ, ಈ ಮಾಡೆಲ್‌ನಲ್ಲಿ ಟಬ್ ಬಿಚ್ಚಲು ಬರುವುದಿಲ್ಲ, ಇಡೀ ಸೆಟ್ ಹಾಕಬೇಕಂತೆ. ಎಸ್ಟಿಮೇಟ್, ಚೀಟಿಯ ಫೋಟೋ, ಸದ್ದಿನ ವಿಡಿಯೋ ಕಳಿಸಿದ್ದೇನೆ. ಮಷೀನಿಗೆ 8 ವರ್ಷ ಆಗಿದೆ. ರಿಪೇರಿ ಖರ್ಚು ಹೊಸದರ ಅರ್ಧದಷ್ಟು, ಅದಕ್ಕೆ ಗ್ಯಾರಂಟಿ ಮೂರೇ ತಿಂಗಳು. ಎರಡು ಮೂರು ವರ್ಷಕ್ಕೆ ಮತ್ತೆ ಹೊಸದು ತರಬೇಕಾದರೆ ಒಟ್ಟು ನಿಮಗೇ ಜಾಸ್ತಿ ಬೀಳುತ್ತದೆ, ಲೆಕ್ಕ ಕೆಳಗೆ ಬರೆದಿದ್ದೇನೆ. ಇದೇ ಅಳತೆಯ, ಚೆನ್ನಾಗಿ ನಡೆಯುವ ಇನ್ನೊಂದು ಮಷೀನ್ ಹಾಕಿಸಿಕೊಟ್ಟರೆ ಒಳ್ಳೆಯದು. ನಿಮ್ಮ ಮೆಕ್ಯಾನಿಕ್‌ನಿಂದ ಇನ್ನೊಮ್ಮೆ ನೋಡಿಸುವುದಾದರೆ ಇಂಥ ದಿನಗಳಲ್ಲಿ ನಾವು ಮನೆಯಲ್ಲಿರುತ್ತೇವೆ. ಈಗ ಮಷೀನ್ ಬಳಸುತ್ತಿಲ್ಲ. ಈ ತಿಂಗಳ ಇಂಥ ತಾರೀಕಿನ ಒಳಗೆ ತಿಳಿಸಿದರೆ ಅನುಕೂಲ."

ಇದರಲ್ಲಿ "ಹೊಸದು" ಎಂದು ಕೇಳಿಲ್ಲ, "ಇದೇ ಅಳತೆಯ, ಚೆನ್ನಾಗಿ ನಡೆಯುವ" ಎಂದಿದೆ. ಓನರ್‌ಗೆ ಆರಿಸಿಕೊಳ್ಳಲು ಜಾಗ ಬಿಟ್ಟರೆ ಅವರು ಬೇಗ ಒಪ್ಪುತ್ತಾರೆ. ಎಷ್ಟೋ ಸಲ ಅಂಗಡಿಗೆ ಹೋದವರು ತಾವಾಗಿಯೇ ಹೊಸದನ್ನೇ ತರುತ್ತಾರೆ. ಸೆಕೆಂಡ್ ಹ್ಯಾಂಡ್ ತಂದರೆ ಬೇಡ ಎನ್ನಲು ಕಾರಣ ಇಲ್ಲ. ಆದರೆ ಅದರ ಚೀಟಿಯ ವರ್ಷ ನೋಡಿ, ನಾನು ಮೇಲೆ ಹೇಳಿದ ಹಾಗೆ ಡ್ರಮ್ ಎತ್ತಿ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಬಿಟ್ಟುಕೊಳ್ಳಿ.

ಅರ್ಧ ಕೊಡಿ ಎಂಬ ಮಾತಿಗೆ ಬರೋಣ. ರಿಪೇರಿಯ ಅರ್ಧ ಎಂದರೆ 24. ನೀವು ಇನ್ನೊಂದು ವರ್ಷ ಇದ್ದು ಹೋದರೆ ಆ ಟಬ್ ಸೆಟ್ ಮನೆಯಲ್ಲೇ ಉಳಿಯುತ್ತದೆ, ನಿಮಗೆ ವಾಪಸ್ ಏನೂ ಬರುವುದಿಲ್ಲ. ಬೇರೆಯವರ ವಸ್ತುವಿಗೆ, ಅದೂ ಅದರ ಉಳಿದ ಬೆಲೆ 20 ಇರುವಾಗ, 24 ಕೊಡುವುದರಲ್ಲಿ ಅರ್ಥವಿಲ್ಲ. ಸಂಬಂಧ ಉಳಿಯಲಿ ಎಂದು ಏನಾದರೂ ಕೊಡಲೇಬೇಕು ಅನ್ನಿಸಿದರೆ ರಿಪೇರಿಗೆ ಕೊಡಬೇಡಿ, ಸಾಗಿಸುವ ಮತ್ತು ಕೂರಿಸುವ ಖರ್ಚು ನಮ್ಮದು ಎನ್ನಿ. ಅಷ್ಟರಲ್ಲಿ ಮುಗಿಯುತ್ತದೆ.

ಇನ್ನೊಂದು ದಾರಿ, ನೀವೇ ಹೊಸದು ಕೊಂಡು ಬಾಡಿಗೆಯಲ್ಲಿ ಹಿಡಿದುಕೊಳ್ಳುವುದು. ಇದನ್ನು ಓನರ್ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಮಾಡಿ. ಎಷ್ಟು ದುಡ್ಡು, ಯಾವ ಯಾವ ತಿಂಗಳ ಬಾಡಿಗೆಯಲ್ಲಿ ಎಷ್ಟೆಷ್ಟು, ಮಷೀನ್ ಕೊನೆಗೆ ಯಾರದ್ದು, ಇವು ಮೂರೂ ಅದರಲ್ಲಿ ಇರಬೇಕು. ಕೇಳದೆ ಬಾಡಿಗೆ ಕಡಿಮೆ ಕೊಟ್ಟರೆ ಮಷೀನಿನ ಮಾತು ಹೋಗಿ ನೀವು ಬಾಡಿಗೆ ಬಾಕಿ ಇಟ್ಟವರಾಗುತ್ತೀರಿ. ಹಳೇ ಮಷೀನನ್ನು ಗುಜರಿಗೆ ಹಾಕುವುದಂತೂ ಬೇಡವೇ ಬೇಡ. ಕೆಟ್ಟು ನಿಂತಿದ್ದರೂ ಅದು ಅವರದ್ದು. ಹಾಗೆ ಮಾಡಿ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ಮಷೀನಿನ ದುಡ್ಡು ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

ಅಡ್ವಾನ್ಸಿನ ಮಾತು ಬಂತಲ್ಲ, ಇದನ್ನೂ ತಿಳಿದಿರಿ. ಒಂದು ವೇಳೆ ತಪ್ಪು ನಿಮ್ಮದೇ ಎಂದು ಸಾಬೀತಾದರೂ, ತಂತಿ ಸಿಕ್ಕಿ ಡ್ರಮ್ ಹರಿಯಿತು ಅನ್ನೋಣ, ನೀವು ತುಂಬಿಕೊಡಬೇಕಾದದ್ದು 8 ವರ್ಷದ ಮಷೀನಿನ ಉಳಿದ ಬೆಲೆ. ಮೇಲಿನ ಲೆಕ್ಕದಲ್ಲಿ ಅದು 20. ಹೊಸದರ 100 ಕೇಳಿದರೆ, ಹಳೇದು ಕೊಟ್ಟು ಹೊಸದು ಪಡೆದ ಹಾಗಾಗುತ್ತದೆ, ಅದನ್ನು ಒಪ್ಪಬೇಕಿಲ್ಲ.

ಅಗ್ರಿಮೆಂಟಿನಲ್ಲಿ "ಹೊಣೆ ಇಲ್ಲ" ಎಂಬ ಸಾಲಿದ್ದರೆ ಏನು ಎಂದು ಹೇಳುತ್ತೇನೆ ಅಂದಿದ್ದೆ. ಆಗ ಮಷೀನ್ ಕೊಡಿ ಎಂದು ಪಟ್ಟು ಹಿಡಿಯಲು ಬರುವುದಿಲ್ಲ, ಆದರೆ ಆ ಕೆಟ್ಟ ಮಷೀನನ್ನು ಹೊತ್ತುಕೊಂಡು ಹೋಗಿ ಎಂದು ಕೇಳಬಹುದು. ಜಾಗ ಖಾಲಿಯಾದರೆ ನಿಮ್ಮದೇ ಮಷೀನ್ ತಂದು ಇಟ್ಟುಕೊಳ್ಳಿ, ಹೋಗುವಾಗ ತೆಗೆದುಕೊಂಡು ಹೋಗಿ. ಬಾಡಿಗೆ ಸ್ವಲ್ಪ ಇಳಿಸಿ ಎಂದೂ ಕೇಳಬಹುದು, ಆದರೆ ನಿರೀಕ್ಷೆ ಸಣ್ಣದಿರಲಿ. 100ರ ಮಷೀನ್ 10 ವರ್ಷಕ್ಕೆ ಎಂದರೆ ತಿಂಗಳಿಗೆ 1 ಕೂಡ ಆಗುವುದಿಲ್ಲ. ಮಷೀನ್ ಇಲ್ಲ ಎಂದು ಬಾಡಿಗೆಯ ಹತ್ತರಲ್ಲಿ ಒಂದು ಭಾಗ ಕಡಿಮೆ ಮಾಡಿ ಎಂದು ಕೇಳಿದರೆ ಓನರ್ ನಗುತ್ತಾರೆ, ಅಷ್ಟೇ.

ಫ್ರಿಜ್‌ಗೂ ಲೆಕ್ಕ ಇದೇ, ಆದರೆ ರೋಗ ಬೇರೆ. ಅಲ್ಲಿ ಎಲ್ಲರೂ "ಕಂಪ್ರೆಸರ್ ಹೋಗಿದೆ" ಅನ್ನುತ್ತಾರೆ. ಎಷ್ಟೋ ಸಲ ಹೋಗಿರುವುದು ಕಂಪ್ರೆಸರ್ ಪಕ್ಕದ ಪುಟ್ಟ ಸ್ಟಾರ್ಟ್ ರಿಲೇ. ಕೆಲವು ನಿಮಿಷಕ್ಕೊಮ್ಮೆ ಟಿಕ್ ಎಂದು ಸದ್ದಾಗಿ ಶುರುವಾಗದೆ ನಿಂತರೆ ಮೊದಲು ಅದನ್ನು ನೋಡಿಸಿ. ಮೇಲಿನ ಫ್ರೀಜರ್ ತಣ್ಣಗಿದ್ದು ಕೆಳಗೆ ಬೆಚ್ಚಗಿದ್ದರೆ ಹಿಂದಿನ ಹಲಗೆಯ ಒಳಗೆ ಮಂಜುಗಡ್ಡೆ ಕಟ್ಟಿರಬಹುದು, ಡಿಫ್ರಾಸ್ಟ್ ಹೀಟರ್ ಅಥವಾ ಸೆನ್ಸರ್ ಕೆಲಸ. ಇವು ಅಗ್ಗದವು, ಇದಕ್ಕೆ ಫ್ರಿಜ್ ಬದಲಾಯಿಸಿ ಎಂದು ಕೇಳಬೇಡಿ. ನಿಜವಾಗಿ ಬದಲಾಯಿಸಬೇಕಾದ ಫ್ರಿಜ್ ಯಾವುದೆಂದರೆ ಗೋಡೆಯ ಫೋಮ್ ಒಳಗಿನ ಪೈಪಿನಲ್ಲಿ ಗ್ಯಾಸ್ ಸೋರುತ್ತಿರುವುದು. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ, ಮುಚ್ಚಿದ ಪೈಪಿನಲ್ಲಿ ಸುತ್ತುತ್ತಾ ಇರುತ್ತದೆ. "ಗ್ಯಾಸ್ ತುಂಬಿಸಿದರೆ ಸರಿಹೋಗುತ್ತದೆ" ಎಂದು ತುಂಬಿಸಿ, ಕೆಲವೇ ತಿಂಗಳಿಗೆ ಮತ್ತೆ ತಣ್ಣಗಾಗದಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ಫೋಮ್ ಒಳಗಿದ್ದರೆ ಅದನ್ನು ಹುಡುಕಿ ಬೆಸುಗೆ ಹಾಕಲು ಆಗುವುದಿಲ್ಲ. ಎರಡು ಸಲ ಗ್ಯಾಸ್ ತುಂಬಿಸಿದ ಬಿಲ್ ನಿಮ್ಮ ಹತ್ತಿರ ಇದ್ದರೆ, ಬೇರೆ ಫ್ರಿಜ್ ಕೇಳಲು ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ. ಫ್ರಿಜ್ ವಿಷಯದಲ್ಲಿ ವಾರಗಟ್ಟಲೆ ಕಾಯಲು ಆಗದು, ಆದ್ದರಿಂದ ಉತ್ತರಕ್ಕೆ ಎರಡು ಮೂರು ದಿನದ ಗಡುವು ಹಾಕಿ, ಅಲ್ಲಿಯವರೆಗೆ ಚಿಕ್ಕದೊಂದು ಫ್ರಿಜ್ ತರಿಸಿಕೊಡಲು ಆಗುತ್ತದೆಯೇ ಎಂದು ಕೇಳಿ.

ಬೇರೆ ಮಷೀನ್ ಬಂದ ದಿನ ಮಾಡಬೇಕಾದ ಕೆಲಸ ಸ್ವಲ್ಪ ಇದೆ. ಬಿಲ್ ಓನರ್ ಹೆಸರಿನಲ್ಲೇ ಇರಲಿ, ನಿಮ್ಮ ಹತ್ತಿರ ಒಂದು ನಕಲು ಇರಲಿ. ಸಾಮಾನಿನ ಪಟ್ಟಿಯಲ್ಲಿ ಹಳೇದನ್ನು ಹೊಡೆದುಹಾಕಿ ಹೊಸ ಮಾಡೆಲ್, ಸೀರಿಯಲ್ ನಂಬರ್ ಬರೆದು ಇಬ್ಬರೂ ಸಹಿ ಹಾಕಿ, ಹಳೇ ಮಷೀನನ್ನು ಯಾರು ಯಾವತ್ತು ತೆಗೆದುಕೊಂಡು ಹೋದರು ಎಂಬುದನ್ನೂ ಅಲ್ಲೇ ಬರೆಯಿರಿ. ಫ್ರಂಟ್ ಲೋಡ್ ಹೊಸದಾದರೆ ಹಿಂಬದಿಯಲ್ಲಿ ಡ್ರಮ್ ಅಲ್ಲಾಡದಂತೆ ಮೂರು ನಾಲ್ಕು ಉದ್ದನೆಯ ಬೋಲ್ಟ್ ಹಾಕಿ ಕಳಿಸಿರುತ್ತಾರೆ. ಅವನ್ನು ತೆಗೆಯದೆ ಸ್ಪಿನ್ ಹಾಕಿದರೆ ಮೊದಲ ದಿನವೇ ಮಷೀನ್ ಹಾಳಾಗಬಹುದು, ಆಗ ತಪ್ಪು ನಿಜಕ್ಕೂ ನಿಮ್ಮದೇ. ಕೂರಿಸಲು ಬಂದವರ ಕೈಯಿಂದ ನಿಮ್ಮ ಕಣ್ಣೆದುರೇ ಅವನ್ನು ಬಿಚ್ಚಿಸಿ, ಒಂದು ಚೀಲದಲ್ಲಿ ಹಾಕಿ ಎತ್ತಿಡಿ. ಮನೆ ಬಿಡುವ ದಿನ ಬೀಗದ ಕೈ ಜೊತೆ ಓನರ್ ಕೈಗೆ ಕೊಡಿ, ಮುಂದೆ ಮಷೀನ್ ಸಾಗಿಸುವಾಗ ಅವರಿಗೆ ಅವು ಬೇಕಾಗುತ್ತವೆ.